165 ಹರ್ಟ್ಜ್ ಮಾನಿಟರ್, 60 ಹರ್ಟ್ಜ್ ಚಿತ್ರ: ಯಾವ ಕೇಬಲ್ ಸಿಕ್ಕಿಸಬೇಕು?

ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಈಗ ಗೇಮಿಂಗ್ ಮಾನಿಟರುಗಳ ಪೆಟ್ಟಿಗೆ ಮೇಲೆ ದೊಡ್ಡದಾಗಿ ಕಾಣುವುದು ಇಂಚಿನ ಲೆಕ್ಕವಲ್ಲ, ಹರ್ಟ್ಜ್ ಲೆಕ್ಕ. 144, 165, 180, 240. ಪರದೆ ಸೆಕೆಂಡಿಗೆ ಎಷ್ಟು ಬಾರಿ ಹೊಸ ಚಿತ್ರ ತೋರಿಸಬಲ್ಲದು ಎಂಬುದೇ ಈ ಸಂಖ್ಯೆ, ಅಂದರೆ ರಿಫ್ರೆಶ್ ರೇಟ್. ಮಾಮೂಲಿ ಆಫೀಸ್ ಮಾನಿಟರಿನದು 60. ಸಂಖ್ಯೆ ಹೆಚ್ಚಿದಷ್ಟೂ ಆಟದಲ್ಲಿ ಓಡುವ ಎದುರಾಳಿ ನುಣುಪಾಗಿ ಕಾಣುತ್ತಾನೆ. ಮೌಸಿನ ಬಾಣ ಕೈಗೆ ಅಂಟಿಕೊಂಡಂತೆ ಚಲಿಸುತ್ತದೆ. ಅದಕ್ಕಾಗಿಯೇ ಜನ ನಾಲ್ಕೈದು ಸಾವಿರ ಹೆಚ್ಚು ಕೊಟ್ಟು ಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ನಡೆಯುವುದು ಬೇರೆ. ಹಳೆಯ ಮಾನಿಟರಿಗೆ ಚುಚ್ಚಿದ್ದ ಎಚ್‌ಡಿಎಂಐ ಕೇಬಲನ್ನೇ ಹೊಸದಕ್ಕೂ ಚುಚ್ಚುತ್ತಾರೆ. ಚಿತ್ರ ಬರುತ್ತದೆ, ಬಣ್ಣ ಚೆನ್ನಾಗಿದೆ, ಪರದೆ ದೊಡ್ಡದಾಗಿದೆ, ಎಲ್ಲರಿಗೂ ಖುಷಿ. ಆದರೆ ಆ ಪರದೆ ಓಡುತ್ತಿರುವುದು ಹಳೆಯ 60 ಹರ್ಟ್ಜ್‌ನಲ್ಲೇ. ತಿಂಗಳುಗಟ್ಟಲೆ ಹಾಗೆಯೇ ಬಳಸಿದವರು ಕಡಿಮೆಯೇನಿಲ್ಲ. ಏನೋ ಕೆಟ್ಟಿದೆ ಎಂದು ಕಂಪ್ಯೂಟರ್ ಎಲ್ಲೂ ಹೇಳುವುದಿಲ್ಲ, ಏಕೆಂದರೆ ಅದರ ಪ್ರಕಾರ ಏನೂ ಕೆಟ್ಟಿಲ್ಲ.

ಇಲ್ಲಿಂದ ಶುರುವಾಗುವ ಪ್ರಶ್ನೆ ಎಚ್‌ಡಿಎಂಐಯೋ ಡಿಸ್‌ಪ್ಲೇಪೋರ್ಟೋ ಎಂಬುದು. ಎರಡೂ ಕೇಬಲುಗಳು ಚಿತ್ರವನ್ನೂ ಸದ್ದನ್ನೂ ಹೊತ್ತೊಯ್ಯುತ್ತವೆ. ಹುಟ್ಟಿದ ಮನೆ ಮಾತ್ರ ಬೇರೆ ಬೇರೆ. ಎಚ್‌ಡಿಎಂಐಯನ್ನು 2002ರಲ್ಲಿ ರೂಪಿಸಿದವರಲ್ಲಿ ಸೋನಿ, ಪ್ಯಾನಸಾನಿಕ್, ತೋಷಿಬಾ, ಫಿಲಿಪ್ಸ್‌ನಂಥ ಟಿವಿ ಕಂಪನಿಗಳೇ ಹೆಚ್ಚು. ಡಿಸ್‌ಪ್ಲೇಪೋರ್ಟನ್ನು 2006ರಲ್ಲಿ ತಂದದ್ದು ವೆಸಾ ಎಂಬ, ಕಂಪ್ಯೂಟರ್ ಪರದೆಗಳ ಮಾನದಂಡ ನೋಡಿಕೊಳ್ಳುವ ಸಂಸ್ಥೆ. ಟಿವಿಗೆ ಬಹುಕಾಲ 60 ಹರ್ಟ್ಜ್ ದಾಟುವ ಅವಸರ ಇರಲಿಲ್ಲ, ಕಂಪ್ಯೂಟರಿಗೆ ಇತ್ತು. ಹೀಗಾಗಿ ಬಹಳ ವರ್ಷ ಡಿಸ್‌ಪ್ಲೇಪೋರ್ಟ್ ಒಂದು ಹೆಜ್ಜೆ ಮುಂದೆಯೇ ಇತ್ತು.

ಒಂದು ನಿಜವಾದ ಮಾನಿಟರನ್ನೇ ಎದುರಿಗಿಟ್ಟುಕೊಂಡು ನೋಡೋಣ. ಏಸಸ್ ಕಂಪನಿ 2019ರಲ್ಲಿ ತಂದ ವಿಜಿ27ಎಕ್ಯೂ, ಇಂದಿಗೂ ಅನೇಕರ ಮೇಜಿನ ಮೇಲಿದೆ. 27 ಇಂಚು, ಅಡ್ಡಕ್ಕೆ 2560 ಮತ್ತು ಉದ್ದಕ್ಕೆ 1440 ಚುಕ್ಕೆಗಳು, ಗರಿಷ್ಠ 165 ಹರ್ಟ್ಜ್. ಹಿಂಬದಿಯಲ್ಲಿ ಎರಡು ಎಚ್‌ಡಿಎಂಐ 2.0 ಕಿಂಡಿ, ಒಂದು ಡಿಸ್‌ಪ್ಲೇಪೋರ್ಟ್ 1.2 ಕಿಂಡಿ. ಡಿಸ್‌ಪ್ಲೇಪೋರ್ಟಿಗೆ ಸಿಕ್ಕಿಸಿದರೆ 165 ಸಿಗುತ್ತದೆ. ಎಚ್‌ಡಿಎಂಐಗೆ ಸಿಕ್ಕಿಸಿದರೆ 144ಕ್ಕೇ ನಿಲ್ಲುತ್ತದೆ. ಗಾಜು ಅದೇ, ಗ್ರಾಫಿಕ್ಸ್ ಕಾರ್ಡ್ ಅದೇ, ಕಿಂಡಿ ಬದಲಾದದ್ದಕ್ಕೆ 21 ಹರ್ಟ್ಜ್ ಹೋಯಿತು. ಏಕೆ?

ಉತ್ತರ ಕೂಡು-ಗುಣಿಸುವ ಲೆಕ್ಕದಲ್ಲಿದೆ. 2560ನ್ನು 1440ರಿಂದ ಗುಣಿಸಿದರೆ ಒಂದು ಚಿತ್ರದಲ್ಲಿ ಸುಮಾರು 36.9 ಲಕ್ಷ ಚುಕ್ಕೆಗಳು. ಪ್ರತಿ ಚುಕ್ಕೆಯ ಬಣ್ಣ ಹೇಳಲು ಕೆಂಪು, ಹಸಿರು, ನೀಲಿಗೆ ಎಂಟೆಂಟರಂತೆ 24 ಬಿಟ್ ಬೇಕು. ಒಂದು ಚಿತ್ರಕ್ಕೆ ಸುಮಾರು 8.85 ಕೋಟಿ ಬಿಟ್ ಆಯಿತು. ಸೆಕೆಂಡಿಗೆ 165 ಚಿತ್ರ ಎಂದರೆ 1,460 ಕೋಟಿ ಬಿಟ್, ಅಂದರೆ 14.6 ಗಿಗಾಬಿಟ್.

ಇಷ್ಟಕ್ಕೇ ಮುಗಿಯುವುದಿಲ್ಲ. ಹೊಲ ಉಳುವ ಎತ್ತಿಗೆ ಪ್ರತಿ ಸಾಲಿನ ತುದಿಯಲ್ಲೂ ತಿರುಗಿಕೊಳ್ಳಲು ಒಂದಿಷ್ಟು ಜಾಗ ಬೇಕಾದಂತೆ, ಮಾನಿಟರಿಗೂ ಪ್ರತಿ ಸಾಲು ಮತ್ತು ಪ್ರತಿ ಚಿತ್ರದ ಕೊನೆಯಲ್ಲಿ ಚಿತ್ರವಿಲ್ಲದ ಬಿಡುವಿನ ಅವಧಿ ಇರುತ್ತದೆ. ಅದನ್ನೂ ಸೇರಿಸಿದರೆ 165 ಹರ್ಟ್ಜ್‌ಗೆ ಸುಮಾರು 16.3 ಗಿಗಾಬಿಟ್ ಬೇಕು, 144ಕ್ಕೆ ಸುಮಾರು 14.1.

ಈಗ ಕೇಬಲಿನ ಕಡೆ ಬನ್ನಿ. ಎಚ್‌ಡಿಎಂಐ 2.0ರ ವೇಗ 18 ಗಿಗಾಬಿಟ್ ಎಂದು ಜಾಹೀರಾತು ಹೇಳುತ್ತದೆ. ಆದರೆ ಅದು ಪ್ರತಿ 8 ಬಿಟ್ ಮಾಹಿತಿಯನ್ನು 10 ಬಿಟ್ ಮಾಡಿ ಕಳಿಸುತ್ತದೆ. ಸಂಕೇತ ತಪ್ಪದೆ ತಲುಪಲು ಈ ಹೆಚ್ಚುವರಿ ಬೇಕೇ ಬೇಕು. ಹಾಗಾಗಿ ಚಿತ್ರಕ್ಕೆ ಉಳಿಯುವುದು 14.4 ಮಾತ್ರ. ಡಿಸ್‌ಪ್ಲೇಪೋರ್ಟ್ 1.2ರಲ್ಲೂ ಇದೇ ಪದ್ಧತಿ, ಆದರೆ ಅಲ್ಲಿ 21.6ರಲ್ಲಿ 17.28 ಉಳಿಯುತ್ತದೆ. 14.1 ಬೇಕಾದ 144 ಹರ್ಟ್ಜ್ ಎಚ್‌ಡಿಎಂಐಯಲ್ಲಿ ಉಸಿರು ಬಿಗಿಹಿಡಿದು ತೂರುತ್ತದೆ, 16.3 ಬೇಕಾದ 165 ತೂರುವುದಿಲ್ಲ. ಡಿಸ್‌ಪ್ಲೇಪೋರ್ಟಿನಲ್ಲಿ ಎರಡಕ್ಕೂ ಜಾಗವಿದೆ. ಪೆಟ್ಟಿಗೆಯ ಮೇಲಿನ ಆ ಎರಡು ಸಂಖ್ಯೆಗಳ ಹಿಂದೆ ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಇನ್ನೂ ಹಳೆಯ ಎಚ್‌ಡಿಎಂಐ 1.4 ಆದರೆ ಚಿತ್ರಕ್ಕೆ ಉಳಿಯುವುದು 8.16 ಗಿಗಾಬಿಟ್. ಈ 1440 ಸಾಲಿನ ಪರದೆಗೆ ಅದರಲ್ಲಿ 60, ಹೆಚ್ಚೆಂದರೆ 75 ಹರ್ಟ್ಜ್ ಹಿಡಿಸುತ್ತದೆ. ಇಂಟೆಲ್‌ನ 10ನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸ್ ಎಚ್‌ಡಿಎಂಐ 1.4ನ್ನಷ್ಟೇ ಕೊಡುತ್ತಿತ್ತು. ನಮ್ಮಲ್ಲಿ ಹಳೆಯ ಕಂಪ್ಯೂಟರಿಗೆ ಹೊಸ ಮಾನಿಟರ್ ಜೋಡಿಸಿಕೊಳ್ಳುವುದೇ ಹೆಚ್ಚಾದ್ದರಿಂದ 60 ಹರ್ಟ್ಜ್‌ನ ಬಹುಪಾಲು ದೂರುಗಳ ಬೇರು ಇಲ್ಲಿಯೇ ಇರಬಹುದು. ಕಂಪ್ಯೂಟರಿಗೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದರೂ ಕೆಲವರು ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೇ ಸಿಕ್ಕಿಸಿಬಿಡುತ್ತಾರೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಯುಎಸ್‌ಬಿ, ಸ್ಪೀಕರ್ ಕಿಂಡಿಗಳ ಪಕ್ಕದಲ್ಲಿರುವುದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ ಅಡ್ಡಲಾಗಿ ಸಾಲುಗಟ್ಟಿರುವುವು ಕಾರ್ಡಿನವು. ಸಾವಿರಾರು ರೂಪಾಯಿ ಕೊಟ್ಟು ತಂದ ಕಾರ್ಡ್ ಸುಮ್ಮನೆ ಕುಳಿತು, ಪ್ರೊಸೆಸರಿನ ಪುಟ್ಟ ಗ್ರಾಫಿಕ್ಸ್ ಬೆವರು ಸುರಿಸುವುದು ಹೀಗೆ.

ಎಷ್ಟು ಹರ್ಟ್ಜ್ ಓಡುತ್ತಿದೆ ಎಂದು ನೋಡುವುದು ಎರಡು ನಿಮಿಷದ ಕೆಲಸ. ವಿಂಡೋಸ್ 11ರಲ್ಲಿ Settings ತೆರೆದು System, Display, Advanced display ಎಂದು ಸಾಗಬೇಕು. ಅಲ್ಲಿ Choose a refresh rate ಎಂಬ ಪಟ್ಟಿಯಲ್ಲಿ ಲಭ್ಯವಿರುವ ಸಂಖ್ಯೆಗಳಿರುತ್ತವೆ. ಎಷ್ಟೋ ಸಲ ಕೇಬಲ್, ಕಿಂಡಿ ಎಲ್ಲ ಸರಿಯಿದ್ದು, ವಿಂಡೋಸ್ ತಾನಾಗಿ 60ನ್ನು ಆರಿಸಿಕೊಂಡಿರುತ್ತದೆ. ಪಟ್ಟಿಯಲ್ಲಿ 165 ಆರಿಸಿದರೆ ಮುಗಿಯಿತು. ಪಟ್ಟಿಯಲ್ಲೇ 165 ಇಲ್ಲದಿದ್ದರೆ ಆಗ ಕಿಂಡಿಯನ್ನೂ ಕೇಬಲನ್ನೂ ಅನುಮಾನಿಸಬೇಕು. ಮಾನಿಟರಿನದೇ ಮೆನುವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಕೆಲವು ಮಾದರಿಗಳಲ್ಲಿ ಗರಿಷ್ಠ ವೇಗವನ್ನು, ಇಲ್ಲವೇ ಡಿಸ್‌ಪ್ಲೇಪೋರ್ಟಿನ ಆವೃತ್ತಿಯನ್ನು ಅಲ್ಲಿಂದಲೇ ಆನ್ ಮಾಡಬೇಕಾಗುತ್ತದೆ.

ಅದೇ ಪುಟದಲ್ಲಿ ಇನ್ನೊಂದು ಸಾಲಿದೆ, ಹೆಚ್ಚಿನವರ ಕಣ್ಣು ಅದರ ಮೇಲೆ ಬೀಳುವುದಿಲ್ಲ: Color format. ಅಲ್ಲಿ RGB ಎಂದಿದ್ದರೆ ಪ್ರತಿ ಚುಕ್ಕೆಯ ಬಣ್ಣವೂ ಪೂರ್ತಿಯಾಗಿ ಬರುತ್ತಿದೆ. YCbCr422 ಎಂದಿದ್ದರೆ ಅಕ್ಕಪಕ್ಕದ ಎರಡು ಚುಕ್ಕೆಗಳಿಗೆ ಬಣ್ಣದ ಮಾಹಿತಿ ಒಂದೇ. ಬೆಳಕಿನ ಪ್ರಮಾಣ ಮಾತ್ರ ಬೇರೆ ಬೇರೆ. ಜಾಗ ಸಾಲದಾಗ ಎಚ್‌ಡಿಎಂಐ ಮೂಲಕ ಹೀಗೆ ಬಣ್ಣ ಕಡಿತ ಮಾಡುವುದುಂಟು. ಉದಾಹರಣೆಗೆ ಎಚ್‌ಡಿಆರ್ ಆನ್ ಮಾಡಿ ಪ್ರತಿ ಬಣ್ಣಕ್ಕೆ 8ರ ಬದಲು 10 ಬಿಟ್ ಕೇಳಿದರೆ, ಎಚ್‌ಡಿಎಂಐ 2.0ರಲ್ಲಿ 144 ಹರ್ಟ್ಜ್ ಹಿಡಿಸುವುದಿಲ್ಲ. ಸಿನಿಮಾ ನೋಡುವಾಗ ಈ ಕಡಿತ ಗೊತ್ತೇ ಆಗದು. ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಅಕ್ಷರ ಓದಿ ನೋಡಿ, ಅಂಚು ಹರಡಿಕೊಂಡಂತೆ ಕಾಣುತ್ತದೆ. ಹಗಲು ಕೋಡಿಂಗ್, ರಾತ್ರಿ ಗೇಮಿಂಗ್ ಮಾಡುವವರಿಗೆ ಇದು ನಿಜವಾದ ಕಿರಿಕಿರಿ.

ಎಚ್‌ಡಿಎಂಐಯ ಟಿವಿ ವಂಶ ಇನ್ನೊಂದು ಕಡೆಯೂ ಇಣುಕುತ್ತದೆ. ಎಚ್‌ಡಿಎಂಐಯಲ್ಲಿ ಜೋಡಿಸಿದ ಮಾನಿಟರನ್ನು ಗ್ರಾಫಿಕ್ಸ್ ಡ್ರೈವರ್ ಕೆಲವೊಮ್ಮೆ ಟಿವಿ ಎಂದೇ ತಿಳಿಯುತ್ತದೆ. ಆಗ ಕಪ್ಪು ಬೂದಿಯಂತೆ, ಬಿಳಿ ಮಂಕಾಗಿ ಕಾಣುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ Change resolution ಪುಟದಲ್ಲಿ Output dynamic range ಎಂಬುದನ್ನು Limited ಇಂದ Full ಮಾಡಿದರೆ ಸರಿಹೋಗುತ್ತದೆ. ಅದೇ ಪುಟದ ರೆಸಲ್ಯೂಷನ್ ಪಟ್ಟಿ ಎರಡು ಭಾಗವಾಗಿರುತ್ತದೆ. ಟಿವಿ ಭಾಗದಲ್ಲಿ ಕಾಣದ ಹೆಚ್ಚಿನ ಹರ್ಟ್ಜ್‌ಗಳು ಕೆಳಗಿನ PC ಎಂಬ ಭಾಗದಲ್ಲಿ ಸಿಗುವುದುಂಟು. ಡಿಸ್‌ಪ್ಲೇಪೋರ್ಟ್ ಬಳಸುವವರಿಗೆ ಈ ಗೊಂದಲ ಕಡಿಮೆ.

ಗೇಮ್ ಆಡುವವರಿಗೆ ಇನ್ನೂ ಒಂದು ಕಾರಣವಿದೆ. ಆಟದಲ್ಲಿ ಗ್ರಾಫಿಕ್ಸ್ ಕಾರ್ಡ್ ಒಂದೇ ವೇಗದಲ್ಲಿ ಚಿತ್ರ ಕೊಡುವುದಿಲ್ಲ. ಒಮ್ಮೆ ಸೆಕೆಂಡಿಗೆ 140, ಹೊಗೆ-ಬೆಂಕಿಯ ದೃಶ್ಯ ಬಂದಾಗ 80. ಮಾನಿಟರ್ ಮಾತ್ರ 165ರಲ್ಲೇ ಓಡುತ್ತಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಚಿತ್ರ ಒಟ್ಟಿಗೆ ಬಂದು ಪರದೆ ಅಡ್ಡಲಾಗಿ ಹರಿದಂತೆ ಕಾಣುತ್ತದೆ. ಕಾರ್ಡಿನ ವೇಗಕ್ಕೆ ಮಾನಿಟರ್ ತನ್ನ ವೇಗ ಹೊಂದಿಸಿಕೊಳ್ಳುವುದು ಇದಕ್ಕೆ ಮದ್ದು. ಎಎಮ್‌ಡಿ ಇದನ್ನು ಫ್ರೀಸಿಂಕ್ ಎನ್ನುತ್ತದೆ, ಎನ್‌ವಿಡಿಯಾ ಜಿ-ಸಿಂಕ್ ಎನ್ನುತ್ತದೆ. ಫ್ರೀಸಿಂಕ್ ಮಾನಿಟರುಗಳಿಗೂ ಎನ್‌ವಿಡಿಯಾ ಕಾರ್ಡುಗಳು ಈ ಸೌಲಭ್ಯ ಕೊಡಲಾರಂಭಿಸಿದ್ದು 2019ರ ಜನವರಿಯಲ್ಲಿ, ಅದೂ ಡಿಸ್‌ಪ್ಲೇಪೋರ್ಟ್ ಮೂಲಕ. ಆದ್ದರಿಂದ ಎನ್‌ವಿಡಿಯಾ ಕಾರ್ಡ್ ಮತ್ತು ಎಚ್‌ಡಿಎಂಐ 2.0 ಇರುವ ಮಾನಿಟರ್, ಈ ಜೋಡಿಯವರು ಡಿಸ್‌ಪ್ಲೇಪೋರ್ಟ್ ಬಿಟ್ಟು ಬೇರೆ ಯೋಚಿಸುವ ಅಗತ್ಯವೇ ಇಲ್ಲ.

ಹಾಗಾದರೆ ಎಚ್‌ಡಿಎಂಐ ಸೋತಿತೇ? 2017ರವರೆಗೆ ಹಾಗನ್ನಬಹುದಿತ್ತು. ಆ ವರ್ಷ ಬಂದ ಎಚ್‌ಡಿಎಂಐ 2.1 ಆಟವನ್ನು ತಿರುಗಿಸಿತು. ಅದರ ವೇಗ 48 ಗಿಗಾಬಿಟ್, ಚಿತ್ರಕ್ಕೆ ಉಳಿಯುವುದು ಸುಮಾರು 42.6. ಬಹುಪಾಲು ಮಾನಿಟರುಗಳಲ್ಲಿರುವ ಡಿಸ್‌ಪ್ಲೇಪೋರ್ಟ್ 1.4ರದ್ದು 25.92. ಈಗ 4ಕೆ ಮಾನಿಟರನ್ನು 144 ಹರ್ಟ್ಜ್‌ನಲ್ಲಿ ಓಡಿಸಬೇಕೆಂದರೆ ಸುಮಾರು 31 ಗಿಗಾಬಿಟ್ ಬೇಕು. ಎಚ್‌ಡಿಎಂಐ 2.1ರಲ್ಲಿ ಅದು ಆರಾಮಾಗಿ ಹೋಗುತ್ತದೆ. ಡಿಸ್‌ಪ್ಲೇಪೋರ್ಟ್ 1.4 ಅದನ್ನು ಡಿಎಸ್‌ಸಿ ಎಂಬ ವಿಧಾನದಿಂದ ಕುಗ್ಗಿಸಿ ಕಳಿಸಬೇಕು. ಕುಗ್ಗಿಸಿದ ಚಿತ್ರಕ್ಕೂ ಮೂಲಕ್ಕೂ ವ್ಯತ್ಯಾಸವನ್ನು ಕಣ್ಣಿನಿಂದ ಕಂಡುಹಿಡಿಯುವುದು ಬಹಳ ಕಷ್ಟ, ಹಾಗಾಗಿ ಅದಕ್ಕೆ ಹೆದರಬೇಕಿಲ್ಲ. ಆದರೂ 4ಕೆ ಮಟ್ಟದಲ್ಲಿ ಡಿಸ್‌ಪ್ಲೇಪೋರ್ಟೇ ಯಾವಾಗಲೂ ಮೇಲು ಎಂಬ ಹಳೆಯ ಮಾತು ನಿಲ್ಲುವುದಿಲ್ಲ.

ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗಂತೂ ಆಯ್ಕೆಯೇ ಇಲ್ಲ. ಎಲ್‌ಜಿಯ 42 ಇಂಚಿನ ಸಿ2 ಒಎಲ್‌ಇಡಿ ಟಿವಿಯನ್ನು ಮೇಜಿನ ಮೇಲಿಟ್ಟು ಗೇಮ್ ಆಡುವವರು ಎಲ್ಲ ಕಡೆ ಇದ್ದಾರೆ. ಅದರಲ್ಲಿ ಡಿಸ್‌ಪ್ಲೇಪೋರ್ಟ್ ಕಿಂಡಿಯೇ ಇಲ್ಲ, ಎಚ್‌ಡಿಎಂಐ 2.1 ಮೂಲಕ 4ಕೆಯಲ್ಲಿ 120 ಹರ್ಟ್ಜ್ ಸಿಗುತ್ತದೆ. ಪ್ಲೇಸ್ಟೇಷನ್ 5 ಇರುವವರೂ ಅಷ್ಟೇ, ಅದಕ್ಕಿರುವುದು ಎಚ್‌ಡಿಎಂಐ ಮಾತ್ರ. ಕಂಪ್ಯೂಟರಿಗೆ ಡಿಸ್‌ಪ್ಲೇಪೋರ್ಟ್, ಪ್ಲೇಸ್ಟೇಷನ್‌ಗೆ ಎಚ್‌ಡಿಎಂಐ ಎಂದು ಹಂಚಿಕೊಂಡರೆ ಎರಡೂ ಒಂದೇ ಮಾನಿಟರಿನಲ್ಲಿ ಜಗಳವಿಲ್ಲದೆ ಇರುತ್ತವೆ.

ಆದರೆ 2.1 ಎಂಬ ಅಚ್ಚನ್ನು ಕಂಡೊಡನೆ ನಂಬುವಂತಿಲ್ಲ. ಎಚ್‌ಡಿಎಂಐ ನಿಯಮಗಳಲ್ಲಿ ಹಳೆಯ 2.0ನ್ನು 2.1ರೊಳಗೇ ಸೇರಿಸಿಬಿಟ್ಟಿದ್ದಾರೆ, ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. ಹೀಗಾಗಿ 18 ಗಿಗಾಬಿಟ್‌ಗೆ ನಿಲ್ಲುವ ಕಿಂಡಿಯ ಮೇಲೂ ಕಂಪನಿಯವರು 2.1 ಎಂದು ಬರೆಯಬಹುದು, ಅದು ಕಾನೂನಿಗೆ ವಿರುದ್ಧವಲ್ಲ. ಮಾನಿಟರ್ ವಿಮರ್ಶೆ ಮಾಡುವ ಟಿಎಫ್‌ಟಿ ಸೆಂಟ್ರಲ್ ಎಂಬ ಜಾಲತಾಣ 2021ರ ಡಿಸೆಂಬರಿನಲ್ಲಿ ಇದನ್ನು ಬಯಲಿಗೆ ತಂದಾಗ ಗ್ರಾಹಕರಿಗೆ ಸಿಟ್ಟು ಬಂದದ್ದು ಸಹಜವೇ. ಡಿಸ್‌ಪ್ಲೇಪೋರ್ಟ್ ಕೂಡ ಇದರಲ್ಲಿ ಪೂರ್ತಿ ಸಾಚಾ ಅಲ್ಲ. ಹೊಸ 2.1 ಆವೃತ್ತಿಯಲ್ಲಿ 40, 54, 80 ಗಿಗಾಬಿಟ್ ಎಂಬ ಮೂರು ಮಟ್ಟಗಳಿವೆ. ಎಎಮ್‌ಡಿಯ ಆರ್‌ಎಕ್ಸ್ 7000 ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿರುವುದು 54ರ ಮಟ್ಟ, ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಯಲ್ಲಿರುವುದು 80ರ ಮಟ್ಟ. ಹೆಸರು ಮಾತ್ರ ಎರಡಕ್ಕೂ 2.1. 4ಕೆಯಲ್ಲಿ 240 ಹರ್ಟ್ಜ್ ಓಡಿಸುವ ಕೆಲವೇ ಮಂದಿಗೆ ಬಿಟ್ಟರೆ ಈ ವ್ಯತ್ಯಾಸ ಸದ್ಯಕ್ಕೆ ಮುಖ್ಯವಲ್ಲ.

ಕೇಬಲಿನ ಮಾತು ಉಳಿದಿದೆ. ಹೊಸ ಮಾನಿಟರಿನ ಪೆಟ್ಟಿಗೆಯಲ್ಲಿ ಕೇಬಲ್ ಇದ್ದರೆ ಅದನ್ನೇ ಬಳಸುವುದು ಸುರಕ್ಷಿತ. ಹೊರಗೆ ಕೊಳ್ಳುವುದಾದರೆ ಎಚ್‌ಡಿಎಂಐ 2.1ಕ್ಕೆ ಅಲ್ಟ್ರಾ ಹೈ ಸ್ಪೀಡ್ ಎಂಬ ಅಧಿಕೃತ ಸ್ಟಿಕ್ಕರ್ ಇರಬೇಕು. ಅದರ ಮೇಲಿನ ಚೌಕಾಕಾರದ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಅಸಲಿಯೋ ನಕಲಿಯೋ ನೋಡಬಹುದು. ಡಿಸ್‌ಪ್ಲೇಪೋರ್ಟಿಗೆ ವೆಸಾ ಪ್ರಮಾಣೀಕರಿಸಿದ, ಎರಡು ಮೀಟರ್ ಮೀರದ ಕೇಬಲ್ ಸಾಕು. ಹೆಚ್ಚಿನ ಹರ್ಟ್ಜ್‌ನಲ್ಲಿ ಉದ್ದವೇ ಶತ್ರು.

ದುರ್ಬಲ ಕೇಬಲನ್ನು ಗುರುತಿಸುವುದು ಕಷ್ಟವಲ್ಲ. ಪರದೆ ಆಗಾಗ ಒಂದೆರಡು ಸೆಕೆಂಡು ಕಪ್ಪಾಗಿ ಮತ್ತೆ ಬರುತ್ತದೆ, ಅಥವಾ ಅಲ್ಲಲ್ಲಿ ಬಿಳಿ ಚುಕ್ಕೆಗಳು ಮಿನುಗುತ್ತವೆ. ಆಗ ರಿಫ್ರೆಶ್ ರೇಟನ್ನು 165ರಿಂದ 120ಕ್ಕೆ ಇಳಿಸಿ ಅರ್ಧ ಗಂಟೆ ಬಳಸಿ ನೋಡಬೇಕು. ತೊಂದರೆ ಮಾಯವಾದರೆ ಮೊದಲು ಬದಲಿಸಬೇಕಾದದ್ದು ಕೇಬಲನ್ನು, ಮಾನಿಟರನ್ನಲ್ಲ. ಇನ್ನೊಂದು ವಿಚಿತ್ರ ರೋಗವೂ ಇದೆ. ಡಿಸ್‌ಪ್ಲೇಪೋರ್ಟಿನ 20ನೇ ಪಿನ್ನಿನಲ್ಲಿ 3.3 ವೋಲ್ಟ್ ವಿದ್ಯುತ್ ಇರುತ್ತದೆ. ಅದು ಅಡಾಪ್ಟರುಗಳಿಗೆಂದು ಇಟ್ಟದ್ದು, ಮಾನಿಟರಿನಿಂದ ಕಂಪ್ಯೂಟರಿಗೆ ಹೋಗುವ ಮಾಮೂಲಿ ಕೇಬಲಿನಲ್ಲಿ ಆ ತಂತಿ ಇರಕೂಡದು. ಕೆಲವು ಅಗ್ಗದ ಕೇಬಲುಗಳಲ್ಲಿ ಅದನ್ನೂ ಜೋಡಿಸಿರುತ್ತಾರೆ. ಆಗ ಮಾನಿಟರಿನ ವಿದ್ಯುತ್ ಹಿಮ್ಮುಖವಾಗಿ ಗ್ರಾಫಿಕ್ಸ್ ಕಾರ್ಡಿಗೆ ಹರಿದು, ಕಂಪ್ಯೂಟರ್ ಸರಿಯಾಗಿ ಆನ್ ಆಗದಿರುವುದು, ಆಫ್ ಮಾಡಿದರೂ ಒಳಗಿನ ದೀಪ ಉರಿಯುತ್ತಿರುವುದು ಮುಂತಾದ ದೆವ್ವದ ಆಟಗಳು ಶುರುವಾಗುತ್ತವೆ. ಕೇಬಲ್ ಕಿತ್ತಾಗ ಕಂಪ್ಯೂಟರ್ ಸರಿಯಾಗಿ ಆನ್ ಆದರೆ ತಪ್ಪಿತಸ್ಥ ಸಿಕ್ಕಂತೆ. ಕೀಳುವಾಗಲೂ ಒಂದು ಎಚ್ಚರ: ಬಹುತೇಕ ಡಿಸ್‌ಪ್ಲೇಪೋರ್ಟ್ ಕೇಬಲಿಗೆ ಕೊಕ್ಕೆ ಇರುತ್ತದೆ, ಮೇಲಿನ ಗುಂಡಿ ಒತ್ತಿಹಿಡಿದೇ ಎಳೆಯಬೇಕು. ಎಚ್‌ಡಿಎಂಐಯಂತೆ ಜಗ್ಗಿದರೆ ಕಾರ್ಡಿನ ಕಿಂಡಿಯೇ ಸಡಿಲವಾದೀತು.

ಒಂದು ತುದಿ ಡಿಸ್‌ಪ್ಲೇಪೋರ್ಟ್, ಇನ್ನೊಂದು ತುದಿ ಎಚ್‌ಡಿಎಂಐ ಇರುವ ಅಗ್ಗದ ಕೇಬಲ್ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ: ಕಂಪ್ಯೂಟರಿನ ಡಿಸ್‌ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ. ಕಂಪ್ಯೂಟರಿನಲ್ಲಿ ಎಚ್‌ಡಿಎಂಐ ಮಾತ್ರ ಇದ್ದು ಮಾನಿಟರಿನ ಡಿಸ್‌ಪ್ಲೇಪೋರ್ಟಿಗೆ ಹೋಗಬೇಕಾದರೆ ಒಳಗೆ ಚಿಪ್ ಇರುವ, ಹೆಚ್ಚಾಗಿ ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ ಪರಿವರ್ತಕವೇ ಬೇಕು. ಅದನ್ನು ಹಾಕಿದರೂ ಎಚ್‌ಡಿಎಂಐಯ ಮಿತಿ ಹಾಗೆಯೇ ಉಳಿಯುತ್ತದೆ, ಹೀಗಾಗಿ ಹೆಚ್ಚಿನ ಹರ್ಟ್ಜ್ ಆಸೆಯಿಂದ ಅದನ್ನು ಕೊಳ್ಳುವುದು ದಂಡ.

ಡಿಸ್‌ಪ್ಲೇಪೋರ್ಟಿನ ಒಂದು ಕೆಟ್ಟ ಚಾಳಿಯನ್ನೂ ಹೇಳಬೇಕು. ಎರಡು ಮಾನಿಟರ್ ಇಟ್ಟುಕೊಂಡವರು ಒಂದನ್ನು ಆಫ್ ಮಾಡಿದರೆ ಕಂಪ್ಯೂಟರ್ ಅದನ್ನು ಕಿತ್ತೇಹಾಕಿದ್ದಾರೆಂದು ತಿಳಿದು, ತೆರೆದಿದ್ದ ಕಿಟಕಿಗಳನ್ನೆಲ್ಲ ಇನ್ನೊಂದಕ್ಕೆ ತಂದು ಗುಡ್ಡೆ ಹಾಕುವುದುಂಟು. ವಿಂಡೋಸ್ 11ರ Display ಪುಟದ Multiple displays ಕೆಳಗೆ Remember window locations based on monitor connection ಎಂಬುದಕ್ಕೆ ಟಿಕ್ ಹಾಕಿದರೆ ಮಾನಿಟರ್ ಮತ್ತೆ ಆನ್ ಆದಾಗ ಕಿಟಕಿಗಳು ತಮ್ಮ ಜಾಗಕ್ಕೆ ಹಿಂದಿರುಗುತ್ತವೆ.

1440 ಸಾಲಿನ ಮಾನಿಟರನ್ನು 144 ದಾಟಿಸಿ ಓಡಿಸುವವರಿಗೆ ಡಿಸ್‌ಪ್ಲೇಪೋರ್ಟ್ ಸರಿ. 180 ಹರ್ಟ್ಜ್‌ಗೆ ಸುಮಾರು 18, 240ಕ್ಕೆ ಸುಮಾರು 24.6 ಗಿಗಾಬಿಟ್ ಬೇಕು, ಎರಡೂ 1.4ರ 25.92ರೊಳಗೇ ಕೂರುತ್ತವೆ, ಕುಗ್ಗಿಸುವ ಅಗತ್ಯವೂ ಇಲ್ಲ. 1080 ಸಾಲಿನ 144 ಹರ್ಟ್ಜ್ ಮಾನಿಟರ್ ಆದರೆ ಎಚ್‌ಡಿಎಂಐ 2.0 ಧಾರಾಳವಾಗಿ ಸಾಲುತ್ತದೆ, ಹೊಸ ಕೇಬಲಿಗೆ ದುಡ್ಡು ಹಾಕಬೇಕಿಲ್ಲ. 4ಕೆ ಕೊಳ್ಳುವವರು, ಟಿವಿ ಕೊಳ್ಳುವವರು ಎಚ್‌ಡಿಎಂಐ 2.1 ಇದೆಯೇ ಎಂದು ನೋಡಲಿ. ಮೂವರೂ ದುಡ್ಡು ಕೊಡುವ ಮುನ್ನ ಅಂಗಡಿಯವರನ್ನು ಆವೃತ್ತಿಯ ಸಂಖ್ಯೆ ಕೇಳುವ ಬದಲು ಹೀಗೆ ಕೇಳಿ: ಈ ಮಾನಿಟರ್ ಎಚ್‌ಡಿಎಂಐಯಲ್ಲಿ ಎಷ್ಟು ಹರ್ಟ್ಜ್, ಡಿಸ್‌ಪ್ಲೇಪೋರ್ಟಿನಲ್ಲಿ ಎಷ್ಟು ಹರ್ಟ್ಜ್? ಅವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿರುವ ಮಾನಿಟರಿನ ಕೈಪಿಡಿಯಲ್ಲಿ ಸಾಮಾನ್ಯವಾಗಿ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ.